ಚಿತ್ರದಲ್ಲಿ ಎಂಟು ಚಂದ್ರ, ಆಕಾಶದಲ್ಲಿ ಒಂದೇ

ವಿಜ್ಞಾನದ ಪಾಠಪುಸ್ತಕದಲ್ಲಿ ಬರುವ ಆ ಚಿತ್ರ ನಿಮಗೆ ನೆನಪಿರಬಹುದು. ನಡುವೆ ಭೂಮಿ. ಅದರ ಸುತ್ತ ಒಂದು ದೊಡ್ಡ ವೃತ್ತ. ವೃತ್ತದ ಮೇಲೆ ಎಂಟು ಚಂದ್ರ, ಎಂಟೂ ಅರ್ಧ ಬಿಳಿ, ಅರ್ಧ ಕಪ್ಪು. ಬಲಗಡೆಯಿಂದ ಸೂರ್ಯನ ಬೆಳಕು ಬರುತ್ತಿದೆ ಎಂದು ತೋರಿಸುವ ಬಾಣಗಳು. ಕೆಳಗೆ 'ಚಂದ್ರನ ಕಲೆಗಳು' ಎಂಬ ಹೆಸರು.

ಶಾಲಾ ಮಕ್ಕಳಿಗಾಗಿ ಇದೇ ವಿಷಯದ ಮೇಲೆ ಪುಟ್ಟ ಆನಿಮೇಶನ್ ಮಾಡಲು ಕೂತಾಗ ನಾನು ಮೊದಲು ಈ ಚಿತ್ರವನ್ನೇ ಕೆಲವು ಮಕ್ಕಳ ಮುಂದಿಟ್ಟೆ. ಒಬ್ಬಳು ತುಂಬಾ ಹೊತ್ತು ನೋಡಿ ಕೇಳಿದಳು: "ಎಲ್ಲಾ ಚಂದ್ರನೂ ಅರ್ಧವೇ ಇದೆಯಲ್ಲ, ಇದರಲ್ಲಿ ಹುಣ್ಣಿಮೆ ಯಾವುದು?" ಇನ್ನೊಬ್ಬ ಚಂದ್ರನ ಮೇಲಿನ ಕಪ್ಪು ಮಚ್ಚೆಗಳೇ 'ಕಲೆ' ಎಂದುಕೊಂಡಿದ್ದ. ಅವನ ತಪ್ಪಲ್ಲ. ಬಟ್ಟೆಗೆ ಅಂಟಿದ ಕಲೆಯೂ ಕಲೆಯೇ, ಚಂದ್ರ ದಿನಾ ಬದಲಿಸುವ ಆಕಾರವೂ ಕಲೆಯೇ. ಇಲ್ಲಿ ನಾವು ಮಾತಾಡುತ್ತಿರುವುದು ಆಕಾರದ ಬಗ್ಗೆ ಮಾತ್ರ.

ಆ ಹುಡುಗಿಯ ಪ್ರಶ್ನೆಯಲ್ಲೇ ಇಡೀ ಪಾಠ ಇದೆ. ಪುಸ್ತಕದ ಚಿತ್ರ ಬರೆದವರು ನಿಂತಿರುವುದು ಭೂಮಿಯ ಉತ್ತರ ಧ್ರುವದಿಂದ ಬಹಳ ಬಹಳ ಮೇಲೆ. ಅಲ್ಲಿಂದ ಕೆಳಗೆ ನೋಡಿ ಬರೆದ ಚಿತ್ರ ಅದು. ನಾವು ನಿಂತಿರುವುದು ನೆಲದ ಮೇಲೆ, ಅಂದರೆ ಆ ಚಿತ್ರದ ನಡುವಿನ ಭೂಮಿಯ ಮೇಲೆ. ಎರಡು ಕಡೆಯಿಂದ ಕಾಣುವುದು ಎರಡು ಬೇರೆ ನೋಟ. ಇದನ್ನು ಹೇಳದೆ ಚಿತ್ರ ಮಾತ್ರ ತೋರಿಸಿದರೆ ಮಕ್ಕಳಿಗೆ ಗೊಂದಲ ಆಗದೆ ಇರುತ್ತದೆಯೇ?

ಅರ್ಧ ಚಂದ್ರ ಯಾವಾಗಲೂ ಬೆಳಗಿರುತ್ತಾನೆ

ಚಂದ್ರನಿಗೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕು ಬಿದ್ದ ಭಾಗ ಮಾತ್ರ ಹೊಳೆಯುತ್ತದೆ. ಒಂದು ಚೆಂಡಿನ ಮೇಲೆ ಒಂದೇ ಕಡೆಯಿಂದ ಟಾರ್ಚ್ ಬಿಟ್ಟರೆ ಟಾರ್ಚ್ ಕಡೆಗಿರುವ ಅರ್ಧ ಬೆಳಗುತ್ತದೆ, ಆಚೆಯ ಅರ್ಧ ಕತ್ತಲಲ್ಲಿರುತ್ತದೆ. ಚಂದ್ರನೂ ಹಾಗೆಯೇ. ಹುಣ್ಣಿಮೆಯ ದಿನವೂ ಅರ್ಧ ಬೆಳಗಿರುತ್ತದೆ, ಅಮಾವಾಸ್ಯೆಯ ದಿನವೂ ಅರ್ಧ ಬೆಳಗಿರುತ್ತದೆ. ಗ್ರಹಣದ ಕೆಲವು ಗಂಟೆ ಬಿಟ್ಟರೆ ಇದು ಎಂದೂ ಬದಲಾಗುವುದಿಲ್ಲ. ಪುಸ್ತಕದ ಎಂಟೂ ಚಂದ್ರ ಅರ್ಧ ಬಿಳಿಯಾಗಿರುವುದು ಅದಕ್ಕೇ.

ಬದಲಾಗುವುದು ಒಂದೇ: ಬೆಳಗಿದ ಆ ಅರ್ಧದಲ್ಲಿ ಎಷ್ಟು ಭಾಗ ನಮ್ಮ ಕಡೆ ತಿರುಗಿದೆ ಅನ್ನುವುದು. ಚಂದ್ರ ಸೂರ್ಯನ ದಿಕ್ಕಿನಲ್ಲೇ ಇದ್ದಾಗ ಬೆಳಗಿದ ಮುಖ ಪೂರ್ತಿ ಆಚೆಗಿರುತ್ತದೆ. ನಮಗೆ ಏನೂ ಕಾಣುವುದಿಲ್ಲ. ಅದು ಅಮಾವಾಸ್ಯೆ. ಚಂದ್ರ ಸೂರ್ಯನಿಗೆ ಎದುರು ದಿಕ್ಕಿಗೆ ಬಂದಾಗ ಬೆಳಗಿದ ಮುಖ ಪೂರ್ತಿ ನಮ್ಮ ಕಡೆಗಿರುತ್ತದೆ. ಅದು ಹುಣ್ಣಿಮೆ.

ಆನಿಮೇಶನ್‌ನಲ್ಲಿ ಈ ಭಾಗಕ್ಕೆ ನಾನು ಬರೆದ ಮಾತು ಇಷ್ಟೇ: "ಸೂರ್ಯ ಚಂದ್ರನ ಅರ್ಧಕ್ಕೆ ಬೆಳಕು ಕೊಡುತ್ತಾನೆ. ಆ ಅರ್ಧದಲ್ಲಿ ನಮಗೆ ಎಷ್ಟು ಕಾಣುತ್ತದೆ? ಬನ್ನಿ, ಭೂಮಿಯ ಮೇಲೆ ನಿಂತು ನೋಡೋಣ." ಇದನ್ನು ಹೇಳುವಾಗ ಪರದೆಯ ಮೇಲೆ ಚಂದ್ರ ಅಲುಗಾಡಬಾರದು. ಮಾತು, ಚಲನೆ ಎರಡೂ ಒಟ್ಟಿಗೆ ಓಡಿದರೆ ಮಕ್ಕಳು ಚಲನೆಯನ್ನು ನೋಡುತ್ತಾರೆ, ಮಾತು ಕೇಳಿಸಿಕೊಳ್ಳುವುದಿಲ್ಲ.

ಒಂದೇ ಪರದೆ, ಎರಡು ಕಿಟಕಿ

ಪರದೆಯನ್ನು ಎರಡು ಭಾಗ ಮಾಡಿ. ಎಡಗಡೆ ಮೇಲಿಂದ ಕಾಣುವ ಕಕ್ಷೆಯ ಚಿತ್ರ. ಕಕ್ಷೆ ಅಂದರೆ ಚಂದ್ರ ಭೂಮಿಯನ್ನು ಸುತ್ತುವ ದಾರಿ. ಬಲಗಡೆ ನೆಲದಿಂದ ಕಾಣುವ ಚಂದ್ರ. ಎಡಗಡೆ ಎಂಟು ಚಂದ್ರ ಬೇಡ, ಒಂದೇ ಸಾಕು. ಅದು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ನಿಧಾನಕ್ಕೆ ಸುತ್ತಲಿ. ಉತ್ತರ ಧ್ರುವದ ಮೇಲಿಂದ ನೋಡಿದರೆ ಚಂದ್ರ ಸುತ್ತುವುದು ಆ ದಿಕ್ಕಿನಲ್ಲೇ. ಭೂಮಿಯೂ ಅದೇ ದಿಕ್ಕಿನಲ್ಲಿ ತನ್ನ ಸುತ್ತ ತಿರುಗುತ್ತದೆ.

ಮುಖ್ಯವಾದದ್ದು ಭೂಮಿಯ ಮೇಲೆ ನಿಲ್ಲಿಸುವ ಪುಟ್ಟ ಮನುಷ್ಯನ ಗೊಂಬೆ. ಅದು ಸದಾ ಚಂದ್ರನ ಕಡೆ ಮುಖ ಮಾಡಿರಬೇಕು. ಅದರ ಕಣ್ಣಿನಿಂದ ಚಂದ್ರನವರೆಗೆ ಒಂದು ಚುಕ್ಕಿ ಗೆರೆ ಎಳೆಯಬೇಕು. ಎಡ ಕಿಟಕಿಗೂ ಬಲ ಕಿಟಕಿಗೂ ಸಂಬಂಧ ಹುಟ್ಟಿಸುವುದು ಈ ಗೊಂಬೆಯೇ.

ಏಕೆ ಅಂತ ಒಂದು ಉದಾಹರಣೆಯಲ್ಲಿ ನೋಡೋಣ. ಚಿತ್ರದ ಬಲಗಡೆ ಸೂರ್ಯ ಇದ್ದಾನೆ. ಚಂದ್ರ ಬಲತುದಿಯಲ್ಲಿದ್ದಾಗ ಅಮಾವಾಸ್ಯೆ. ಅಲ್ಲಿಂದ ಹೊರಟು ಸುಮಾರು ಏಳೂವರೆ ದಿನಕ್ಕೆ ವೃತ್ತದ ಮೇಲ್ತುದಿಗೆ ಬರುತ್ತಾನೆ. ಈಗ ಚಂದ್ರನ ಬಲ ಅರ್ಧ ಬಿಳಿ. ಗೊಂಬೆ ಪುಟದ ಮೇಲ್ಗಡೆಗೆ ಮುಖ ಮಾಡಿದೆ, ಹಾಗಾಗಿ ಪುಟದ ಬಲವೇ ಅದರ ಬಲ. ಅದಕ್ಕೂ ಬಲ ಅರ್ಧವೇ ಬೆಳಗಿದಂತೆ ಕಾಣುತ್ತದೆ. ಇಲ್ಲಿ ತೊಂದರೆ ಇಲ್ಲ.

ಈಗ ಚಂದ್ರನನ್ನು ವೃತ್ತದ ಕೆಳತುದಿಗೆ ತನ್ನಿ. ಅಮಾವಾಸ್ಯೆಯಿಂದ ಸುಮಾರು 22 ದಿನ ಕಳೆದಿದೆ. ಚಿತ್ರದಲ್ಲಿ ಈಗಲೂ ಚಂದ್ರನ ಬಲ ಅರ್ಧವೇ ಬಿಳಿ, ಯಾಕೆಂದರೆ ಸೂರ್ಯ ಬಲಗಡೆಯೇ ಇದ್ದಾನೆ. ಆದರೆ ಆಕಾಶದಲ್ಲಿ ನೋಡಿದರೆ ಎಡ ಅರ್ಧ ಬೆಳಗಿರುತ್ತದೆ! ಪುಸ್ತಕವನ್ನೂ ಆಕಾಶವನ್ನೂ ಹೋಲಿಸಿ ನೋಡುವ ಜಾಣ ಮಗು ಎಡವುವುದು ಇಲ್ಲೇ. ಪುಸ್ತಕ ತಪ್ಪಿರಬೇಕು ಅಂದುಕೊಳ್ಳುತ್ತದೆ.

ಪುಸ್ತಕ ತಪ್ಪಿಲ್ಲ. ಗೊಂಬೆ ಈಗ ಪುಟದ ಕೆಳಗಡೆಗೆ ಮುಖ ಮಾಡಿದೆ. ಎದುರು ಕೂತವರ ಬಲಗೈ ನಮ್ಮ ಎಡಕ್ಕೆ ಬರುತ್ತದಲ್ಲ, ಹಾಗೆ ಪುಟದ ಬಲ ಈಗ ಗೊಂಬೆಯ ಎಡ. ಪುಸ್ತಕವನ್ನೇ ತಲೆಕೆಳಗು ಮಾಡಿ ಹಿಡಿದರೆ ಸಾಕು, ಗೊಂಬೆಗೆ ಕಾಣುವಂತೆಯೇ ನಮಗೂ ಕಾಣುತ್ತದೆ. ಆನಿಮೇಶನ್‌ನಲ್ಲಿ ಇಡೀ ಎಡ ಕಿಟಕಿಯನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿ ತೋರಿಸಿ. ಪುಸ್ತಕದ ಚಿತ್ರ ಮಾಡಲಾಗದ ಕೆಲಸ ಇದು. ಇಷ್ಟಕ್ಕೇ ಆನಿಮೇಶನ್ ಬೇಕು ಎಂದು ನನಗೆ ಅನ್ನಿಸುವುದು.

ಬಲ್ಬು, ಚೆಂಡು, ಕತ್ತಲೆ ಕೋಣೆ

ವೀಡಿಯೊವನ್ನು ಇಲ್ಲಿ ನಿಲ್ಲಿಸಿ ಮಕ್ಕಳನ್ನು ಎಬ್ಬಿಸುವುದು ಒಳ್ಳೆಯದು. ಕೋಣೆ ಕತ್ತಲೆ ಮಾಡಿ, ಒಂದು ಬರೀ ಬಲ್ಬು ಹಚ್ಚಿ. ಅದು ಸೂರ್ಯ. ಒಂದು ಬಿಳಿ ಚೆಂಡನ್ನು ಪೆನ್ಸಿಲ್ ತುದಿಗೆ ಸಿಕ್ಕಿಸಿ, ಕೈ ಚಾಚಿ ಹಿಡಿಯಿರಿ. ಅದು ಚಂದ್ರ. ನಿಮ್ಮ ತಲೆಯೇ ಭೂಮಿ.

ಬಲ್ಬಿಗೆ ಮುಖ ಮಾಡಿ ನಿಂತರೆ ಚೆಂಡಿನ ನಿಮ್ಮ ಕಡೆಯ ಭಾಗ ಕಪ್ಪು. ಈಗ ಚೆಂಡನ್ನು ಮುಂದೆ ಹಿಡಿದುಕೊಂಡೇ, ನಿಂತಲ್ಲೇ ಎಡಕ್ಕೆ ಸ್ವಲ್ಪ ಸ್ವಲ್ಪ ತಿರುಗಿ. ಮೊದಲು ಚೆಂಡಿನ ಬಲ ಅಂಚಿನಲ್ಲಿ ಉಗುರಿನಷ್ಟು ತೆಳ್ಳಗೆ ಬೆಳಕಿನ ಗೆರೆ ಹುಟ್ಟುತ್ತದೆ. ಕಾಲು ಸುತ್ತು ತಿರುಗಿದಾಗ ಬಲ ಅರ್ಧ ಬೆಳಗುತ್ತದೆ. ಬಲ್ಬಿಗೆ ಬೆನ್ನು ಹಾಕಿದಾಗ ಪೂರ್ತಿ ಬೆಳಗುತ್ತದೆ. ಮುಂದೆ ತಿರುಗಿದಂತೆ ಬಲಗಡೆಯಿಂದ ಕತ್ತಲೆ ತಿನ್ನುತ್ತಾ ಬಂದು, ಕೊನೆಗೆ ಎಡ ಅಂಚಿನಲ್ಲಿ ಒಂದು ಗೆರೆ ಮಾತ್ರ ಉಳಿಯುತ್ತದೆ. ಒಂದು ತಿಂಗಳ ಚಂದ್ರ ಒಂದೇ ನಿಮಿಷದಲ್ಲಿ ಕೈಯಲ್ಲೇ ಆಗಿಹೋಗುತ್ತಾನೆ.

ಬಲ್ಬಿಗೆ ಬೆನ್ನು ಹಾಕಿದಾಗ ಬಹಳ ಮಕ್ಕಳಿಗೆ ಒಂದು ಎಡವಟ್ಟು ಆಗುತ್ತದೆ. ತಲೆಯ ನೆರಳೇ ಚೆಂಡಿನ ಮೇಲೆ ಬಿದ್ದು ಚೆಂಡು ಕಪ್ಪಾಗುತ್ತದೆ. ಚೆಂಡನ್ನು ತಲೆಗಿಂತ ಸ್ವಲ್ಪ ಮೇಲೆ ಹಿಡಿದರೆ ಸರಿಹೋಗುತ್ತದೆ. ಆಗ ಒಬ್ಬರಾದರೂ ಕೇಳೇ ಕೇಳುತ್ತಾರೆ: "ನಿಜವಾದ ಚಂದ್ರನ ಮೇಲೆ ಭೂಮಿಯ ನೆರಳು ಯಾಕೆ ಬೀಳಲ್ಲ?"

ಭೂಮಿಯ ನೆರಳು ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಜಾಸ್ತಿ ಸಮಯ ಕೊಡಬೇಕು. ಯಾಕೆಂದರೆ ದಿನಾ ಚಂದ್ರ ಕರಗುವುದು ಭೂಮಿಯ ನೆರಳಿನಿಂದ ಎಂದು ದೊಡ್ಡವರೂ ಎಷ್ಟೋ ಮಂದಿ ನಂಬಿದ್ದಾರೆ. ಆ ನಂಬಿಕೆಗೆ ಪುಸ್ತಕದ ಚಿತ್ರವೂ ಸ್ವಲ್ಪ ಕಾರಣ. ಪುಟದಲ್ಲಿ ಜಾಗ ಸಾಲದೆ ಚಂದ್ರನನ್ನು ಭೂಮಿಯ ಪಕ್ಕದಲ್ಲೇ ಬರೆದಿರುತ್ತಾರೆ. ಅಷ್ಟು ಹತ್ತಿರ ಇದ್ದರೆ ನೆರಳು ಬೀಳಲೇಬೇಕು ಅನ್ನಿಸುವುದು ಸಹಜ.

ನಿಜವಾದ ಅಳತೆಯಲ್ಲಿ ಹೀಗಿದೆ. ಭೂಮಿಯನ್ನು 4 ಸೆಂಟಿಮೀಟರ್ ಅಗಲದ ಚೆಂಡು ಎಂದುಕೊಳ್ಳಿ. ಆಗ ಚಂದ್ರ 1 ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡ ಗೋಲಿ. ಇವೆರಡರ ನಡುವೆ ಎಷ್ಟು ದೂರ ಇಡಬೇಕು? ಮಕ್ಕಳು ಒಂದು ಗೇಣು, ಎರಡು ಗೇಣು ಅನ್ನುತ್ತಾರೆ. ಇಡಬೇಕಾದದ್ದು 120 ಸೆಂಟಿಮೀಟರ್, ಅಂದರೆ ಮೂವತ್ತು ಭೂಮಿಗಳನ್ನು ಸಾಲಾಗಿ ಜೋಡಿಸಿದಷ್ಟು. ನಿಜವಾದ ದೂರ ಸರಾಸರಿ 3,84,400 ಕಿಲೋಮೀಟರ್. ಇದೇ ಅಳತೆಯಲ್ಲಿ ಸೂರ್ಯ ನಾಲ್ಕು ಮೀಟರಿಗಿಂತ ಅಗಲದ ಗೋಳ. ಅದನ್ನು ಇಡಬೇಕಾದದ್ದು ಸುಮಾರು 470 ಮೀಟರ್ ಆಚೆ.

ಇನ್ನು ಎರಡನೆಯ ವಿಷಯ. ಚಂದ್ರನ ಕಕ್ಷೆ, ಭೂಮಿ ಸೂರ್ಯನನ್ನು ಸುತ್ತುವ ಸಮತಟ್ಟಿನಲ್ಲಿ ಮಲಗಿಲ್ಲ. ಸುಮಾರು 5 ಡಿಗ್ರಿ ಓರೆಯಾಗಿದೆ. 5 ಡಿಗ್ರಿ ಅಂದರೆ ಕಣ್ಣಿಗೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ನಮ್ಮ ಮಾದರಿಯಲ್ಲಿ 120 ಸೆಂಟಿಮೀಟರ್ ಉದ್ದದ ಕೋಲನ್ನು 5 ಡಿಗ್ರಿ ಎತ್ತಿದರೆ ಅದರ ತುದಿ 10 ಸೆಂಟಿಮೀಟರಿಗಿಂತ ಮೇಲೆ ಹೋಗುತ್ತದೆ. ಭೂಮಿಯ ಗಾಢ ನೆರಳು ಚಂದ್ರನ ದೂರಕ್ಕೆ ಹೋಗುವಷ್ಟರಲ್ಲಿ ಕಿರಿದಾಗಿ, ಸುಮಾರು 3 ಸೆಂಟಿಮೀಟರ್ ಅಗಲ ಮಾತ್ರ ಇರುತ್ತದೆ. ಅಷ್ಟು ಚಿಕ್ಕ ನೆರಳಿನ ಮೇಲಿಂದಲೋ ಕೆಳಗಿಂದಲೋ ಚಂದ್ರ ಸಲೀಸಾಗಿ ದಾಟಿ ಹೋಗುತ್ತಾನೆ. ಹೆಚ್ಚಿನ ಹುಣ್ಣಿಮೆಗಳಲ್ಲಿ ಆಗುವುದು ಇದೇ.

ಒಮ್ಮೊಮ್ಮೆ ಮಾತ್ರ ಚಂದ್ರ ಆ ಸಮತಟ್ಟನ್ನು ದಾಟುವ ಹೊತ್ತಿಗೇ ಹುಣ್ಣಿಮೆಯೂ ಬರುತ್ತದೆ. ಆಗ ನೆರಳಿಗೆ ಸಿಕ್ಕಿಕೊಳ್ಳುತ್ತಾನೆ. ಅದೇ ಚಂದ್ರಗ್ರಹಣ. ಕೋಣೆಯಲ್ಲಿ ತಲೆಯ ನೆರಳು ಚೆಂಡಿನ ಮೇಲೆ ಬಿತ್ತಲ್ಲ, ಆ ಎಡವಟ್ಟೇ ಗ್ರಹಣ.

ನೆರಳಿನ ವಾದ ಸರಿಯಲ್ಲ ಅಂತ ಮಕ್ಕಳೇ ಕಂಡುಕೊಳ್ಳಲು ಸುಲಭದ ದಾರಿಯೂ ಇದೆ. ಅರ್ಧಚಂದ್ರ ಎಷ್ಟೋ ಸಲ ಮಧ್ಯಾಹ್ನವೇ ಆಕಾಶದಲ್ಲಿ ಕಾಣುತ್ತಾನೆ, ಸೂರ್ಯನೂ ಆಗ ಅಲ್ಲೇ ಇರುತ್ತಾನೆ. ನೆರಳು ಬೀಳುವುದು ಸೂರ್ಯನಿಗೆ ವಿರುದ್ಧ ದಿಕ್ಕಿಗೆ. ಸೂರ್ಯ, ಚಂದ್ರ ಇಬ್ಬರೂ ಒಟ್ಟಿಗೆ ಮೇಲಿರುವಾಗ ಭೂಮಿಯ ನೆರಳು ಚಂದ್ರನನ್ನು ಮುಟ್ಟುವುದಾದರೂ ಹೇಗೆ?

ಆನಿಮೇಶನ್‌ನಲ್ಲಿ ಕಕ್ಷೆಯನ್ನು ನಿಜವಾದ ಅಳತೆಯಲ್ಲಿ ಬರೆದರೆ ಚಂದ್ರ ಚುಕ್ಕಿಯಾಗಿಬಿಡುತ್ತಾನೆ, ಅದು ಗೊತ್ತು. ಹಾಗಾಗಿ ಒಂದು ಸಲ, ಹತ್ತು ಸೆಕೆಂಡು, ನಿಜವಾದ ದೂರ ತೋರಿಸಿ. ಆಮೇಲೆ "ಕಾಣಲಿ ಅಂತ ಈಗ ಹತ್ತಿರ ತರುತ್ತಿದ್ದೇವೆ" ಎಂದು ಹೇಳಿಯೇ ಹತ್ತಿರ ತನ್ನಿ. ಹೇಳಿ ಮಾಡಿದರೆ ಮಕ್ಕಳು ನೆನಪಿಟ್ಟುಕೊಳ್ಳುತ್ತಾರೆ.

ನಾಲ್ಕನೆಯ ದಿನದ ಚಂದ್ರ ಎಷ್ಟು ದಪ್ಪ?

ಈಗ ಬಲ ಕಿಟಕಿಗೆ ಬರೋಣ. ಅಮಾವಾಸ್ಯೆಯಿಂದ ಹುಣ್ಣಿಮೆಗೆ ಸುಮಾರು 15 ದಿನ. ಹಾಗಾದರೆ ನಾಲ್ಕನೆಯ ದಿನ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬೆಳಗಿರಬೇಕು, ಅಲ್ವಾ? ಅಲ್ಲ. ಲೆಕ್ಕ ಹಾಕಿ ನೋಡೋಣ.

ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಗೆ 29.5 ದಿನ. ಒಂದು ಸುತ್ತು 360 ಡಿಗ್ರಿ. ಭಾಗಿಸಿದರೆ ಚಂದ್ರ ಸೂರ್ಯನಿಂದ ದಿನಕ್ಕೆ ಸುಮಾರು 12.2 ಡಿಗ್ರಿ ದೂರ ಸರಿಯುತ್ತಾನೆ. ನಾಲ್ಕು ದಿನಕ್ಕೆ 49 ಡಿಗ್ರಿ. ನಮಗೆ ಕಾಣುವ ಬಿಲ್ಲೆಯಲ್ಲಿ ಬೆಳಗಿದ ಪಾಲು ಎಷ್ಟು ಎಂದು ಹೇಳುವ ಸೂತ್ರ ಇದು:

```
f = (1 - cos θ) / 2
```

49 ಡಿಗ್ರಿಗೆ cos ಬೆಲೆ 0.656. ಒಂದರಿಂದ ಕಳೆದರೆ 0.344. ಅದರ ಅರ್ಧ 0.172. ಅಂದರೆ ನಾಲ್ಕನೆಯ ದಿನ ಬೆಳಗಿರುವುದು 17 ಶೇಕಡಾ ಮಾತ್ರ. ಮೊದಲ ದಿನ ಬರೀ 1 ಶೇಕಡಾ. ಅದೇ ಏಳನೆಯ ದಿನ 46 ಇದ್ದದ್ದು ಎಂಟನೆಯ ದಿನ 57ಕ್ಕೆ ಹಾರುತ್ತದೆ. ಹದಿಮೂರನೆಯ ದಿನ 97, ಹದಿನಾಲ್ಕನೆಯ ದಿನ 99. ಚಂದ್ರ ಶುರುವಿನಲ್ಲಿ ಮೆಲ್ಲಗೆ, ನಡುವೆ ಬೇಗ, ಕೊನೆಗೆ ಮತ್ತೆ ಮೆಲ್ಲಗೆ ಬೆಳೆಯುತ್ತಾನೆ. ಹುಣ್ಣಿಮೆಯ ಹಿಂದಿನ ದಿನವೂ ಮರುದಿನವೂ ಚಂದ್ರ ಪೂರ್ತಿ ತುಂಬಿದಂತೆಯೇ ಕಾಣುವುದು ಇದಕ್ಕೇ.

ಚೆಂಡು ದುಂಡಗಿರುವುದೇ ಇದರ ಕಾರಣ. ಅಂಚಿನ ಬಳಿ ಅದರ ಮೈ ನಮ್ಮಿಂದ ಆಚೆಗೆ ಬಾಗಿರುತ್ತದೆ. ಬೆಳಕು ಅಲ್ಲಿ 12 ಡಿಗ್ರಿ ಮುಂದೆ ಸರಿದರೂ ನಮಗೆ ಕಾಣುವುದು ಕೂದಲೆಳೆಯಷ್ಟು. ನಡುವೆ ಮೈ ನಮಗೆ ನೇರ ಎದುರಿಗಿರುವುದರಿಂದ ಅಷ್ಟೇ ಸರಿದಾಟ ಅಗಲವಾಗಿ ಕಾಣುತ್ತದೆ. ಮಕ್ಕಳಿಗೆ ಸೂತ್ರ ಬೇಡ. ಚೆಂಡಿನ ಮೇಲೆ ಸಮನಾದ ಅಂತರದಲ್ಲಿ ಮೇಲಿಂದ ಕೆಳಕ್ಕೆ ಗೆರೆ ಎಳೆದು ಎದುರಿಗೆ ಹಿಡಿದರೆ, ಅಂಚಿನ ಗೆರೆಗಳು ಒತ್ತೊತ್ತಾಗಿ ಕಾಣುವುದನ್ನು ಅವರೇ ಹೇಳುತ್ತಾರೆ. ಸೂತ್ರ ಬೇಕಾಗಿರುವುದು ಆನಿಮೇಶನ್ ಮಾಡುವವರಿಗೆ. ದಿನಕ್ಕೆ ಇಷ್ಟು ಅಂತ ಸಮನಾಗಿ ಬೆಳೆಸಿದರೆ ಚಂದ್ರ ಪರದೆಯ ಮೇಲೆ ಸುಳ್ಳು ಹೇಳುತ್ತಾನೆ.

ಇನ್ನೊಂದು ತಪ್ಪು ಬಹಳ ಕಡೆ ಕಾಣುತ್ತದೆ. ಬಿಳಿ ವೃತ್ತದ ಮೇಲೆ ಅಷ್ಟೇ ದೊಡ್ಡ ಕಪ್ಪು ವೃತ್ತವನ್ನು ಜಾರಿಸಿ ಬಿದಿಗೆ ಚಂದ್ರನನ್ನು ಮಾಡುವುದು. ಮಾಡಲು ಸುಲಭ, ಆದರೆ ಕಲೆಯ ಆಕಾರ ಅದಲ್ಲ. ನಿಜವಾದ ಚಂದ್ರನ ಎರಡು ಕೊಂಬುಗಳ ತುದಿಗಳನ್ನು ಗೆರೆಯಿಂದ ಸೇರಿಸಿದರೆ ಅದು ಬಿಲ್ಲೆಯ ನಟ್ಟನಡುವೆ ಹಾಯಬೇಕು. ವೃತ್ತ ಜಾರಿಸಿ ಮಾಡಿದ ಚಿತ್ರದಲ್ಲಿ ಕೊಂಬುಗಳು ಅದಕ್ಕಿಂತ ಮುಂದೆ ಚಾಚಿಕೊಂಡಿರುತ್ತವೆ. ಚಿತ್ರ ಸರಿ ಇದೆಯೇ ಎಂದು ಸ್ಕೇಲ್ ಇಟ್ಟು ನೋಡಿದರೆ ಗೊತ್ತಾಗಿಬಿಡುತ್ತದೆ. ಕೊಂಬುಗಳ ನಡುವೆ ನಕ್ಷತ್ರ ಬರೆಯುವುದೂ ತಪ್ಪು. ಅಲ್ಲಿ ಖಾಲಿ ಜಾಗ ಇಲ್ಲ, ಚಂದ್ರನ ಕತ್ತಲೆಯ ಭಾಗ ಇದೆ. ತೆಳ್ಳಗಿನ ಚಂದ್ರನ ದಿನ ಸಂಜೆ ಗಮನವಿಟ್ಟು ನೋಡಿ, ಆ ಭಾಗ ಮಸುಕಾಗಿ ಕಂಡೀತು. ಭೂಮಿಯ ಮೇಲೆ ಬಿದ್ದ ಬಿಸಿಲು ಅಲ್ಲಿಗೆ ಹೋಗಿ ಬಿದ್ದು, ಮತ್ತೆ ನಮ್ಮ ಕಣ್ಣಿಗೆ ಬರುತ್ತಿರುತ್ತದೆ.

27 ದಿನವೋ, 29 ದಿನವೋ?

ಪುಸ್ತಕದಲ್ಲಿ ಒಂದು ಕಡೆ ಚಂದ್ರ ಭೂಮಿಯನ್ನು ಸುತ್ತಲು 27.3 ದಿನ ಎಂದಿರುತ್ತದೆ. ಇನ್ನೊಂದು ಕಡೆ 29.5 ಎಂದಿರುತ್ತದೆ. ಎರಡೂ ಸರಿ. 27.3 ದಿನಕ್ಕೆ ಚಂದ್ರ ಒಂದು ಪೂರ್ತಿ ಸುತ್ತು ಮುಗಿಸುತ್ತಾನೆ. ಆದರೆ ಅಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಸುಮಾರು 27 ಡಿಗ್ರಿ ಮುಂದೆ ಹೋಗಿರುತ್ತದೆ. ಭೂಮಿಯಿಂದ ನೋಡಿದರೆ ಸೂರ್ಯನ ದಿಕ್ಕೇ ಅಷ್ಟು ತಿರುಗಿರುತ್ತದೆ. ಸೂರ್ಯನ ನೇರಕ್ಕೆ ಬಂದು ಮತ್ತೆ ಅಮಾವಾಸ್ಯೆ ಆಗಲು ಚಂದ್ರ ಇನ್ನೂ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ನಡೆಯಬೇಕು. ಓಟದ ಗುರುತಿನ ಗೆರೆಯನ್ನು ಯಾರೋ ಮುಂದಕ್ಕೆ ಎಳೆದಂತೆ.

ಅದೇ ಚಿತ್ರ ಗಡಿಯಾರವೂ ಹೌದು

ಕಕ್ಷೆಯ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಭೂಮಿಯ ಬಲ ಅಂಚು ಸೂರ್ಯನ ನೇರಕ್ಕಿದೆ. ಅಲ್ಲಿ ನಿಂತವರಿಗೆ ನಡುಹಗಲು. ಭೂಮಿ ತಿರುಗಿ ಅವರನ್ನು ಮೇಲ್ಗಡೆಗೆ ಒಯ್ದಾಗ ಸಂಜೆ 6. ಎಡ ಅಂಚಿಗೆ ಬಂದಾಗ ಮಧ್ಯರಾತ್ರಿ. ಕೆಳಗೆ ಬಂದಾಗ ಬೆಳಿಗ್ಗೆ 6. ಭೂಮಿಯ ಸುತ್ತ ಈ ನಾಲ್ಕು ಹೊತ್ತನ್ನು ಬರೆದುಬಿಡಿ.

ಈಗ ಬಲ ಅರ್ಧ ಬೆಳಗಿದ ಚಂದ್ರನನ್ನು ಮೇಲ್ತುದಿಯಲ್ಲಿಡಿ. ಚಂದ್ರ ಯಾವಾಗ ನೆತ್ತಿಯ ಕಡೆಗೆ ಬರುತ್ತಾನೆ? ಗೊಂಬೆ ಭೂಮಿಯ ಮೇಲ್ಗಡೆಗೆ ಬಂದಾಗ, ಅಂದರೆ ಸಂಜೆ 6ಕ್ಕೆ. ಅದಕ್ಕಿಂತ ಕಾಲು ಸುತ್ತು ಮೊದಲು, ನಡುಹಗಲಲ್ಲಿ, ಪೂರ್ವದಲ್ಲಿ ಹುಟ್ಟಿರುತ್ತಾನೆ. ಕಾಲು ಸುತ್ತು ಆದಮೇಲೆ, ಮಧ್ಯರಾತ್ರಿಗೆ, ಮುಳುಗುತ್ತಾನೆ. ಹುಣ್ಣಿಮೆ ಚಂದ್ರ ಎಡತುದಿಯಲ್ಲಿದ್ದಾನೆ, ಹಾಗಾಗಿ ಸೂರ್ಯ ಮುಳುಗುವಾಗ ಹುಟ್ಟುತ್ತಾನೆ. ಕೆಳತುದಿಯ ಅರ್ಧಚಂದ್ರ ಹುಟ್ಟುವುದೇ ಮಧ್ಯರಾತ್ರಿಗೆ, ಬೆಳಿಗ್ಗೆ ಶಾಲೆಗೆ ಹೊರಟಾಗಲೂ ಆಕಾಶದಲ್ಲಿ ಇರುತ್ತಾನೆ. ಋತು, ಊರು ನೋಡಿಕೊಂಡು ಈ ಹೊತ್ತುಗಳು ಅಷ್ಟಿಷ್ಟು ಹಿಂದೆ ಮುಂದೆ ಆಗುತ್ತವೆ.

ದಿನಕ್ಕೆ 12.2 ಡಿಗ್ರಿ ಎಂದೆವಲ್ಲ, ಅದು ಇಲ್ಲೂ ಕೆಲಸಕ್ಕೆ ಬರುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಮುಂದೆ ಹೋದ ಚಂದ್ರನನ್ನು ಹಿಡಿಯಲು ಅದಕ್ಕೆ ಸುಮಾರು 50 ನಿಮಿಷ ಹೆಚ್ಚು ಬೇಕು. ಸರಾಸರಿಯಲ್ಲಿ ಚಂದ್ರ ದಿನಾ ಅಷ್ಟು ತಡವಾಗಿ ಹುಟ್ಟುತ್ತಾನೆ.

ಬಲ ಕಿಟಕಿಗೆ ಒಂದು ಎಚ್ಚರಿಕೆ

ಬೆಳೆಯುವ ಚಂದ್ರನ ಬಲಭಾಗ ಬೆಳಗುತ್ತದೆ ಎಂದು ಇಷ್ಟು ಹೊತ್ತು ಹೇಳಿದ್ದು ಉತ್ತರಾರ್ಧಗೋಳದಲ್ಲಿ, ದಕ್ಷಿಣಕ್ಕೆ ಮುಖ ಮಾಡಿ ನೋಡುವವರ ಲೆಕ್ಕ. ದಕ್ಷಿಣಾರ್ಧಗೋಳದಲ್ಲಿ ದೂರದಲ್ಲಿರುವವರು ಅದೇ ಚಂದ್ರನನ್ನು ಉತ್ತರಕ್ಕೆ ಮುಖ ಮಾಡಿ, ನಮಗೆ ಹೋಲಿಸಿದರೆ ತಲೆಕೆಳಗಾಗಿ ನೋಡುತ್ತಾರೆ. ಅವರಿಗೆ ಎಡಭಾಗ ಬೆಳಗಿರುತ್ತದೆ. ಭೂಮಧ್ಯರೇಖೆಯ ಹತ್ತಿರದವರಿಗೆ ಸಂಜೆಯ ತೆಳ್ಳಗಿನ ಚಂದ್ರ ಎಷ್ಟೋ ಸಲ ದೋಣಿಯ ಹಾಗೆ ಮಲಗಿರುತ್ತಾನೆ. ಪರದೆಯ ಚಂದ್ರ ನೆಟ್ಟಗೆ ನಿಂತಿದ್ದು, ಹೊರಗೆ ಹೋಗಿ ನೋಡಿದರೆ ಮಲಗಿದ್ದರೆ ಮಗು ಗಾಬರಿಯಾಗುವುದು ಬೇಡ.

ಆದ್ದರಿಂದ ಕೊನೆಯ ದೃಶ್ಯದಲ್ಲಿ ಎಡ, ಬಲ ಎರಡನ್ನೂ ಬಿಟ್ಟು ಎಲ್ಲಾ ಊರಿಗೂ ಹೊಂದುವ ಮಾತನ್ನೇ ಇಟ್ಟೆ: "ಸಂಜೆ ಹೊರಗೆ ಹೋಗಿ ಚಂದ್ರನನ್ನು ನೋಡಿ. ಅವನ ಬೆಳಗಿದ ಬದಿ ಯಾವ ಕಡೆಗಿದೆ? ಆ ಕಡೆಗೆ ಕೈ ತೋರಿಸಿ. ಸೂರ್ಯ ಮುಳುಗಿದ್ದು ಅಲ್ಲೇ."